ಒಂದೇ ಗೊಂಬೆ, ನಾಲ್ಕು ಭಾಷೆ, ನಾಲ್ಕು ನಡಿಗೆ

ಊರಿಂದ ಅಪ್ಪ ಅಮ್ಮ ದೆಹಲಿಗೋ ಮುಂಬಯಿಗೋ ಬಂದರೆ ಒಂದು ದಿನ ಮ್ಯೂಸಿಯಂಗೆ ಎಂದು ಎತ್ತಿಡುವುದು ನಮ್ಮಲ್ಲಿ ಹಲವರ ರೂಢಿ. ಟಿಕೆಟ್ ಕೌಂಟರಿನ ಪಕ್ಕದಲ್ಲಿ ಆಡಿಯೋ ಗೈಡ್ ಸಿಗುತ್ತದೆ, ಅಥವಾ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾರೆ. ಮಗಳು ಇಂಗ್ಲಿಷ್ ಒತ್ತುತ್ತಾಳೆ, ಅಳಿಯ ಹಿಂದಿ. ಕನ್ನಡ ಇದ್ದರೆ ಅಮ್ಮನಿಗೆ ಕನ್ನಡ. ಮೂವರೂ ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಮೂರು ಭಾಷೆಯಲ್ಲಿ ಒಂದೇ ವಸ್ತುವಿನ ಬಗ್ಗೆ ಕೇಳುತ್ತಾರೆ. ಇಂಗ್ಲಿಷ್ ಕೇಳಿದವಳು ಒಂದೂಕಾಲು ನಿಮಿಷಕ್ಕೆ ಮುಗಿಸಿ ಮುಂದಿನ ಪೆಟ್ಟಿಗೆಗೆ ಹೋಗಿರುತ್ತಾಳೆ. ಕನ್ನಡ ಕೇಳುತ್ತಿರುವವರಿಗೆ ಇನ್ನೂ ಮುಕ್ಕಾಲು ನಿಮಿಷ ಬಾಕಿ. ಅವರು ಮುಜುಗರದಿಂದ ಅರ್ಧಕ್ಕೇ ನಿಲ್ಲಿಸಿ ಮಗಳ ಹಿಂದೆ ಹೆಜ್ಜೆ ಹಾಕುತ್ತಾರೆ. ಎರಡು ಪೆಟ್ಟಿಗೆ ಆದ ಮೇಲೆ ಇಯರ್‌ಫೋನ್ ಕೊರಳಿಗೆ ಇಳಿದಿರುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಕನ್ನಡದ ಪದಗಳು ಉದ್ದ, ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಕಾರಣ ಅರ್ಧ ಮಾತ್ರ ಸರಿ. ಉಳಿದರ್ಧ ಸ್ಕ್ರಿಪ್ಟ್ ಬರೆಯುವ ಮೇಜಿನ ಮೇಲಿದೆ.

ಆಡಿಯೋ ಗೈಡ್ ಮೊದಲು ಬಂದದ್ದೇ ಹಲವು ಭಾಷೆಗಳ ಅಗತ್ಯಕ್ಕೆ. 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಕಿರುತರಂಗ ರೇಡಿಯೋ ಮೂಲಕ ಡಚ್, ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ವಿವರಣೆ ಬಿತ್ತರಿಸಿದರು. ಬಂದವರು ಕಿವಿಗೆ ರಿಸೀವರ್ ಸಿಕ್ಕಿಸಿಕೊಂಡು ಗುಂಪಾಗಿ ನಡೆಯುತ್ತಿದ್ದರು, ಎಲ್ಲರ ತಲೆಯೂ ಒಂದೇ ಕ್ಷಣಕ್ಕೆ ಒಂದೇ ಕಡೆ ತಿರುಗುತ್ತಿತ್ತು. ಈಗ ನಮಗೆ ಬೇಕಾದಾಗ ನಿಲ್ಲಿಸುವ, ಹಿಂದಕ್ಕೆ ಹೋಗುವ ಗುಂಡಿ ಇದೆ. ಆದರೂ ಕುಟುಂಬವಾಗಿ ಬಂದವರಿಗೆ ಒಟ್ಟಿಗೇ ನೋಡುವ ಆಸೆ ಹೋಗಿಲ್ಲ. ಹಾಗಾಗಿ ಭಾಷೆಗಳ ನಡುವೆ ಎಷ್ಟು ಸೆಕೆಂಡ್ ವ್ಯತ್ಯಾಸ ಎಂಬುದು ಈಗಲೂ ತಲೆನೋವೇ.

ಸಾಮಾನ್ಯವಾಗಿ ಕೆಲಸ ನಡೆಯುವುದು ಹೀಗೆ. ಮ್ಯೂಸಿಯಂನ ಕ್ಯುರೇಟರ್ ಹೇಳಿದ್ದನ್ನು ಕೇಳಿ ಒಬ್ಬರು ಇಂಗ್ಲಿಷಿನಲ್ಲಿ ಸ್ಕ್ರಿಪ್ಟ್ ಬರೆಯುತ್ತಾರೆ. ಒಂದು ವಸ್ತುವಿಗೆ ನೂರೈವತ್ತು ಪದ ಎಂದು ಲೆಕ್ಕ. ಅದಕ್ಕೆ ಒಪ್ಪಿಗೆ ಬಿದ್ದ ಮೇಲೆ ಅನುವಾದಕರಿಗೆ ಹೋಗುತ್ತದೆ. ಅನುವಾದ ಸ್ಟುಡಿಯೋಗೆ ಬಂದಾಗ ಧ್ವನಿ ಕೊಡುವವರು ನೆಮ್ಮದಿಯಿಂದ ಓದಿದರೆ ಎರಡು ನಿಮಿಷ ದಾಟುತ್ತದೆ. ಇಂಗ್ಲಿಷಿನದು ಎಪ್ಪತ್ತೈದು ಸೆಕೆಂಡ್, ಅದಕ್ಕೇ ಕೂರಿಸಿ ಎಂದು ಮೇಲಿನಿಂದ ಮಾತು ಬರುತ್ತದೆ. ಆಗ ಉಳಿಯುವುದು ಎರಡೇ ದಾರಿ. ಓದುವವರು ಕ್ರಿಕೆಟ್ ಕಾಮೆಂಟರಿಯ ವೇಗಕ್ಕೆ ಹೋಗಬೇಕು, ಇಲ್ಲವೇ ಎಡಿಟರ್ ಸಾಫ್ಟ್‌ವೇರಿನಲ್ಲಿ ವೇಗ ಹೆಚ್ಚಿಸಬೇಕು. ಎರಡರಲ್ಲೂ ಮೊದಲು ಸಾಯುವುದು ಮೌನ, ಆಮೇಲೆ ಒತ್ತಕ್ಷರ. ‘ಉತ್ಖನನ’, ‘ಶಿಲ್ಪಶಾಸ್ತ್ರ’ದಂಥ ಪದಗಳು ಗಾಳಿಯಲ್ಲಿ ಹಾರಿದಂತೆ ಕೇಳಿಸುತ್ತವೆ.

ಪದ ಎಣಿಸುವುದನ್ನು ಮೊದಲು ಬಿಡಬೇಕು. ಇಂಗ್ಲಿಷಿನ ಮೂರು ಪದದ ‘ಇನ್ ದ ಹೌಸ್’ ನಮ್ಮಲ್ಲಿ ‘ಮನೆಯಲ್ಲಿ’ ಎಂಬ ಒಂದು ಪದ. ನೂರೈವತ್ತು ಇಂಗ್ಲಿಷ್ ಪದ ಕನ್ನಡದಲ್ಲಿ ನೂರೇ ಆಗಬಹುದು, ಆದರೂ ಹೇಳಲು ಹೆಚ್ಚು ಹೊತ್ತು ಬೇಕಾಗಬಹುದು. (ಕನ್ನಡದ ಪದ ಎಣಿಸಿ ಸಂಭಾವನೆ ಕೊಡುವ ಕಡೆ ಅನುವಾದಕರಿಗೆ ಆಗುವ ನಷ್ಟ ಬೇರೆಯೇ ಕತೆ.) ಕನ್ನಡಕ್ಕೆ ಒಗ್ಗುವ ಅಳತೆ ಅಕ್ಷರ. ಒತ್ತಕ್ಷರ ಸೇರಿದ್ದನ್ನೂ ಒಂದೇ ಎಂದು ಎಣಿಸಿ. ‘ಡಜನ್’ ಪದದ ಕೊನೆಯ ಅರ್ಧಾಕ್ಷರ ಬಿಟ್ಟುಬಿಡಿ. ನಿಂತು ನೋಡುತ್ತ ಕೇಳುವವರಿಗೆ ಹಿತವಾದ ಓದು ಸೆಕೆಂಡಿಗೆ ಐದು ಅಕ್ಷರದ ಸುತ್ತಮುತ್ತ ಎಂಬುದು ನನ್ನ ಅಂದಾಜು. ಇದನ್ನು ನಂಬಬೇಕಿಲ್ಲ, ಓದುವವರ ಧ್ವನಿಯನ್ನೇ ಗಡಿಯಾರ ಹಿಡಿದು ಅಳೆಯಿರಿ. ಹಿಂದಿಗೆ, ತಮಿಳಿಗೆ, ಇಂಗ್ಲಿಷಿಗೆ ಆ ಸಂಖ್ಯೆ ಬೇರೆ ಬೇರೆ ಬರುತ್ತದೆ.

ಬೇರೆ ಬೇರೆ ಬಂದರೂ ಒಂದು ಕುತೂಹಲದ ವಿಷಯವಿದೆ. ಫ್ರಾನ್ಸಿನ ಲಿಯಾನ್‌ನ ಭಾಷಾವಿಜ್ಞಾನಿಗಳು ಮತ್ತು ಅವರ ಸಂಗಡಿಗರು 17 ಭಾಷೆಗಳ ಓದನ್ನು ಅಳೆದು 2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಪಾನಿ, ಸ್ಪ್ಯಾನಿಷ್ ಭಾಷೆಯವರು ಸೆಕೆಂಡಿಗೆ ಹೆಚ್ಚು ಉಚ್ಚಾರಾಂಶ ಉದುರಿಸುತ್ತಾರೆ, ಒಂದೊಂದರಲ್ಲೂ ಕಡಿಮೆ ಮಾಹಿತಿ ಇರುತ್ತದೆ. ಥಾಯ್, ವಿಯೆಟ್ನಾಮಿ ಭಾಷೆಯವರು ನಿಧಾನ, ಆದರೆ ಒಂದೊಂದು ಉಚ್ಚಾರಾಂಶವೂ ತುಂಬಿಕೊಂಡಿರುತ್ತದೆ. ಒಟ್ಟಿನಲ್ಲಿ ಸೆಕೆಂಡಿಗೆ ತಲುಪುವ ಮಾಹಿತಿ ಎಲ್ಲ ಭಾಷೆಯಲ್ಲೂ ಸರಿಸುಮಾರು ಒಂದೇ, 39 ಬಿಟ್‌ಗಳ ಆಸುಪಾಸು. ಆ ಹದಿನೇಳರಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ಹಾಗಾಗಿ ಅದರಿಂದ ಕನ್ನಡದ ಬಗ್ಗೆ ಖಚಿತವಾಗಿ ಏನೂ ಹೇಳಲಾಗದು. ಆದರೆ ಒಂದು ಅನುಮಾನಕ್ಕೆ ದಾರಿಯಿದೆ: ತನ್ನ ಸಹಜ ರೂಪದಲ್ಲಿ ಬರೆದ ಕನ್ನಡಕ್ಕೆ ಇಂಗ್ಲಿಷಿಗಿಂತ ಒಂದೂವರೆ ಪಟ್ಟು ಹೊತ್ತು ಬೇಕಾಗುವುದು ಸಹಜವಲ್ಲ. ಹಾಗೆ ಬೇಕಾದರೆ ಅಲ್ಲಿರುವುದು ಕನ್ನಡದ ಬಟ್ಟೆ ತೊಟ್ಟ ಇಂಗ್ಲಿಷ್ ವಾಕ್ಯ.

ಒಂದು ವಸ್ತುವನ್ನೇ ತೆಗೆದುಕೊಂಡು ನೋಡೋಣ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಮೊಹೆಂಜೊದಾರೊದ ‘ನರ್ತಕಿ’ ಎಲ್ಲರಿಗೂ ಗೊತ್ತು. ಕಂಚಿನ ಗೊಂಬೆ, ಎತ್ತರ ಹತ್ತೂವರೆ ಸೆಂಟಿಮೀಟರ್. ಮುಂದೆ ಕೊಟ್ಟಿರುವುದು ಆ ಸಂಗ್ರಹಾಲಯದ ಸ್ಕ್ರಿಪ್ಟ್ ಅಲ್ಲ, ವಿವರಿಸಲು ನಾನೇ ಮಾಡಿಕೊಂಡ ಮಾದರಿ. ಇಂಗ್ಲಿಷ್ ಸ್ಕ್ರಿಪ್ಟನ್ನು ಎದುರಿಗಿಟ್ಟುಕೊಂಡು ನಿಷ್ಠೆಯಿಂದ ಅನುವಾದಿಸಿದರೆ ಬರುವ ವಾಕ್ಯ ಇಂಥದ್ದು:

‘1926ರಲ್ಲಿ ಅರ್ನೆಸ್ಟ್ ಮ್ಯಾಕೆಯವರಿಂದ ಮೊಹೆಂಜೊದಾರೊದಲ್ಲಿ ಉತ್ಖನನದ ವೇಳೆ ಕಂಡುಹಿಡಿಯಲ್ಪಟ್ಟ, ನಷ್ಟಮೇಣ ತಂತ್ರದಿಂದ ಎರಕ ಹೊಯ್ಯಲ್ಪಟ್ಟ, ತನ್ನ ಎಡಗೈಯಲ್ಲಿ ಇಪ್ಪತ್ತೈದು ಬಳೆಗಳನ್ನು ಧರಿಸಿರುವ ಮತ್ತು ಬಲಗೈಯನ್ನು ಸೊಂಟದ ಮೇಲೆ ಇರಿಸಿಕೊಂಡಿರುವ ಈ ಕಂಚಿನ ಯುವತಿಯನ್ನು ನೋಡಿ.’

ಇಸವಿಯನ್ನು ಬಾಯಲ್ಲಿ ಹೇಳುವಂತೆ ಬಿಡಿಸಿ ಎಣಿಸಿದರೆ ನೂರೊಂಬತ್ತು ಅಕ್ಷರ, ಇಪ್ಪತ್ತೆರಡು ಸೆಕೆಂಡ್. ವ್ಯಾಕರಣದ ತಪ್ಪಿಲ್ಲ, ಮಾಹಿತಿಯ ತಪ್ಪೂ ಇಲ್ಲ. ಆದರೆ ಏನನ್ನು ನೋಡಬೇಕು ಎಂಬುದು ಇಪ್ಪತ್ತನೇ ಸೆಕೆಂಡಿಗೆ ಬರುತ್ತದೆ, ‘ನೋಡಿ’ ಎಂಬುದು ಅದಕ್ಕೂ ಆಚೆ. ಅಲ್ಲಿಯವರೆಗೆ ಅಮ್ಮ ಐದು ವಿಷಯಗಳನ್ನು ತಲೆಯಲ್ಲಿ ಹೊತ್ತು ನಿಂತಿರಬೇಕು, ಯಾವುದಕ್ಕೂ ನೇತುಹಾಕಲು ಗೂಟ ಇಲ್ಲದೆ. ಇಂಗ್ಲಿಷಿನಲ್ಲಿ ಇದೇ ವಾಕ್ಯ ‘ಲುಕ್ ಅಟ್ ದಿಸ್ ಬ್ರಾಂಜ್ ಗರ್ಲ್’ ಎಂದು ಶುರುವಾಗುತ್ತದೆ. ಕಣ್ಣು ಮೊದಲ ಎರಡು ಸೆಕೆಂಡಿನಲ್ಲೇ ಗೊಂಬೆಗೆ ಹೋಗಿ ನಿಲ್ಲುತ್ತದೆ, ಉಳಿದ ವಿವರ ಬಾಲದ ಹಾಗೆ ಹಿಂದೆ ಬರುತ್ತದೆ. ನೋಡುತ್ತಾ ಕೇಳಬಹುದು. ಕ್ರಿಯಾಪದ ಕೊನೆಗೆ ಬರುವ ಕನ್ನಡ, ಹಿಂದಿ, ಮರಾಠಿ, ತಮಿಳು ಎಲ್ಲದಕ್ಕೂ ಈ ತೊಂದರೆ ಇದೆ. ನಮ್ಮಲ್ಲಿ ನಾಮಪದದ ಮುಂದೆ ‘ಮಾಡಿದ’, ‘ಇರುವ’ಗಳನ್ನು ಸಾಲಾಗಿ ಕಟ್ಟಲು ಬರುತ್ತದಲ್ಲ, ಅದರಿಂದ ಇನ್ನೂ ಸ್ವಲ್ಪ ಹೆಚ್ಚು.

ಆದ್ದರಿಂದ ಎಲ್ಲ ಭಾಷೆಗೂ ಮೂಲ ಎಂದು ಇಡಬೇಕಾದ್ದು ಇಂಗ್ಲಿಷ್ ಸ್ಕ್ರಿಪ್ಟನ್ನಲ್ಲ, ನೋಟಗಳ ಪಟ್ಟಿಯನ್ನು. ಈ ಗೊಂಬೆಗೆ ನಾಲ್ಕು ನೋಟ ಸಾಕು. ಮೊದಲು ಅದರ ಗಾತ್ರ, ಆಮೇಲೆ ಬಳೆ ತುಂಬಿದ ಕೈ, ಆಮೇಲೆ ಸೊಂಟದ ಮೇಲಿನ ಕೈ, ಕೊನೆಗೆ ಮುಖ. ಪ್ರತಿ ನೋಟದ ಪಕ್ಕ ಹೇಳಲೇಬೇಕಾದ ಒಂದು ಸಂಗತಿ, ಸಮಯವಿದ್ದರೆ ಹೇಳಬಹುದಾದ ಇನ್ನೊಂದು. ಒಂದೊಂದು ಭಾಷೆಯ ಬರಹಗಾರರೂ ಈ ಪಟ್ಟಿಯಿಂದ ತಮ್ಮ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಾರೆ. ನೋಟದ ಕ್ರಮ ಮಾತ್ರ ಯಾರೂ ಬದಲಿಸುವಂತಿಲ್ಲ. ಕನ್ನಡದಲ್ಲಿ ಹೀಗೆ ಆಗಬಹುದು, ಕಂಸದಲ್ಲಿರುವುದು ಮೌನ:

‘ಗಾಜಿನ ಹತ್ತಿರ ಬನ್ನಿ. ಸ್ವಲ್ಪ ಬಾಗಿ. (4 ಸೆಕೆಂಡ್) ಇಷ್ಟೇ ಎತ್ತರ. ಅರ್ಧ ಗೇಣು ಕೂಡ ಇಲ್ಲ. (3 ಸೆಕೆಂಡ್) ಒಂದು ಕೈಯ ತುಂಬ ಬಳೆ. ತೋಳಿನಿಂದ ಮಣಿಕಟ್ಟಿನವರೆಗೆ. ಎಣಿಸಿ ನೋಡಿ. (8 ಸೆಕೆಂಡ್) ಹೆಚ್ಚುಕಡಿಮೆ ಎರಡು ಡಜನ್. ಇನ್ನೊಂದು ಕೈ ಸೊಂಟದ ಮೇಲಿದೆ. ಅದರಲ್ಲಿ ನಾಲ್ಕೇ ಬಳೆ. (4 ಸೆಕೆಂಡ್) ಈಗ ಮುಖ. ಗದ್ದ ಎತ್ತಿ, ಕಣ್ಣು ಅರೆಮುಚ್ಚಿ ನಿಂತಿದ್ದಾಳೆ. (5 ಸೆಕೆಂಡ್) ಇವಳನ್ನು ನರ್ತಕಿ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಕುಣಿಯುತ್ತಿದ್ದಳೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆ ಹೆಸರು ಅಗೆದು ತೆಗೆದವರು ಇಟ್ಟದ್ದು. ಮೊಹೆಂಜೊದಾರೊದ ಒಂದು ಮನೆಯಲ್ಲಿ ಸಿಕ್ಕಳು, ನೂರು ವರ್ಷದ ಕೆಳಗೆ. ಅವಳಿಗೆ ಆಗಲೇ ನಾಲ್ಕೂವರೆ ಸಾವಿರ ವರ್ಷ. ಮೇಣದಲ್ಲಿ ಗೊಂಬೆ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಕಾಯಿಸಿದರೆ ಮೇಣ ಕರಗಿ ಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಂಚು ಹೊಯ್ದರು. ಅಚ್ಚು ಒಡೆದ ಮೇಲೆ ಇವಳು ಹೊರಬಂದಳು.’

ಇದರಲ್ಲಿ ಇನ್ನೂರ ನಲವತ್ತರಷ್ಟು ಅಕ್ಷರಗಳಿವೆ, ಮಾತಿಗೆ ನಲವತ್ತೆಂಟು ಸೆಕೆಂಡ್. ಮೌನ ಇಪ್ಪತ್ತನಾಲ್ಕು ಸೆಕೆಂಡ್. ಒಟ್ಟು ಎಪ್ಪತ್ತೆರಡು, ಅಂದರೆ ಇಂಗ್ಲಿಷಿನಷ್ಟೇ. ಯಾರೂ ಓಡಬೇಕಿಲ್ಲ.

ಇಷ್ಟು ಜಾಗ ಎಲ್ಲಿಂದ ಬಂತು ಎಂದು ನೋಡಿದರೆ, ಮೊದಲನೆಯದು ಅಂಕಿಗಳಿಂದ. ‘ಕ್ರಿಸ್ತಪೂರ್ವ ಎರಡು ಸಾವಿರದ ಐನೂರು’ ಎಂದರೆ ಹದಿನಾಲ್ಕು ಅಕ್ಷರ. ಕೇಳಿದ ಮೇಲೂ ಎಷ್ಟು ಹಿಂದೆ ಎಂದು ಮನಸ್ಸಿನಲ್ಲಿ ಕೂಡಿಕೊಳ್ಳಬೇಕು. ‘ನಾಲ್ಕೂವರೆ ಸಾವಿರ ವರ್ಷ’ ಎಂದರೆ ಒಂಬತ್ತು, ಕೂಡುವ ಕೆಲಸವೂ ಇಲ್ಲ. ‘ಹತ್ತೂವರೆ ಸೆಂಟಿಮೀಟರ್’ಗಿಂತ ‘ಅರ್ಧ ಗೇಣು’ ಚಿಕ್ಕದು. ಹೇಳಿದ ಕೂಡಲೇ ಕೇಳುವವರ ಕೈ ತಾನಾಗಿ ಅಗಲವಾಗುತ್ತದೆ. ಬಳೆಯನ್ನು ಡಜನ್ ಲೆಕ್ಕದಲ್ಲಿ ಕೊಂಡವರಿಗೆ ಎರಡು ಡಜನ್ ಎಂದರೆ ಎಷ್ಟು ತೂಕ ಎಂದು ಬಿಡಿಸಿ ಹೇಳಬೇಕಿಲ್ಲ. ಎಣಿಸಿದವರು ಇಪ್ಪತ್ತನಾಲ್ಕು ಎಂದೂ ಇಪ್ಪತ್ತೈದು ಎಂದೂ ಬರೆದಿರುವುದರಿಂದ ‘ಹೆಚ್ಚುಕಡಿಮೆ’ ಎನ್ನುವುದು ಪ್ರಾಮಾಣಿಕವೂ ಹೌದು. ಇಸವಿ, ಅಳತೆ, ಅಗೆದವರ ಹೆಸರು ಪಕ್ಕದ ಫಲಕದ ಕೆಲಸ. ಓದಬಹುದಾದದ್ದನ್ನು ಕಿವಿಗೆ ಯಾಕೆ ತುಂಬಬೇಕು?

ಎರಡನೆಯದು, ಕೇಳುವವರಿಗೆ ಆಗಲೇ ಗೊತ್ತಿರುವುದರಿಂದ. ನನಗೆ ಮುಖ್ಯ ಎನಿಸುವುದು ಇದೇ. ಇಂಗ್ಲಿಷ್ ಗೈಡನ್ನು ಒತ್ತುವವರಲ್ಲಿ ಸಿಂಧೂ ನಾಗರಿಕತೆಯ ಹೆಸರೇ ಕೇಳದ ವಿದೇಶಿಯರಿರುತ್ತಾರೆ. ಅವರಿಗೆ ಅದು ಎಲ್ಲಿತ್ತು, ಯಾವ ಕಾಲದ್ದು, ಊರುಗಳು ಹೇಗಿದ್ದವು ಎಂದು ಹದಿನೈದು ಸೆಕೆಂಡ್ ಕೊಡಬೇಕು. ಕನ್ನಡ, ಹಿಂದಿ ಒತ್ತುವವರು ಇವಳ ಚಿತ್ರವನ್ನು ಶಾಲೆಯ ಪುಸ್ತಕದಲ್ಲೇ ನೋಡಿರುತ್ತಾರೆ. ಆ ಹದಿನೈದು ಸೆಕೆಂಡ್ ಅವರ ಪಾಲಿಗೆ ಉಳಿತಾಯ. ಅದನ್ನು ಮೌನಕ್ಕೆ ಕೊಡಬಹುದು, ಅಥವಾ ಅವರಿಗೆ ಮಾತ್ರ ತಟ್ಟುವ ಒಂದು ಮಾತಿಗೆ ಕೊಡಬಹುದು. ಹಿಂದಿಯಲ್ಲಿ ಬರೆಯುವವರು ಬಳೆಯ ಹತ್ತಿರ ರಾಜಸ್ಥಾನದಲ್ಲಿ ಇಂದಿಗೂ ತೋಳಿನವರೆಗೆ ಬಳೆ ತೊಡುವ ಹೆಂಗಸರನ್ನು ನೆನಪಿಸಿದರೆ ಅದು ಅಲ್ಲಿಗೆ ಸರಿಯಾಗಿ ಕೂರುತ್ತದೆ. ಕನ್ನಡಕ್ಕೆ ಅದನ್ನೇ ತರಬೇಕೆಂದಿಲ್ಲ. ಎಲ್ಲ ಭಾಷೆಯಲ್ಲೂ ಒಂದೇ ವಿಷಯ ಇರಬೇಕು ಎಂದು ಒಪ್ಪಿಗೆ ಕೊಡುವ ಸಮಿತಿಯವರು ಇಲ್ಲಿ ತಕರಾರು ಮಾಡುವುದುಂಟು. ಅವರಿಗೆ ನೋಟದ ಪಟ್ಟಿ ತೋರಿಸಿ, ನಾಲ್ಕೂ ನೋಟ ನಾಲ್ಕೂ ಭಾಷೆಯಲ್ಲಿ ಇದೆ ಎಂದು ಗುರುತು ಹಾಕಿ ಕೊಟ್ಟರೆ ಒಪ್ಪಿಸುವುದು ಸುಲಭ.

ಈಗ ಮೌನದ ವಿಷಯ. ಇಂಗ್ಲಿಷಿನಲ್ಲಿ ತೋರಿಸಿದ ಮೇಲೂ ಮಾತು ಮುಂದುವರಿಯಬಹುದು, ಹಾಗಾಗಿ ಅಲ್ಲಿ ಚಿಕ್ಕ ಚಿಕ್ಕ ಮೌನ ಸಾಕು. ಕನ್ನಡದಲ್ಲಿ ತೋರಿಸುವುದನ್ನು ಚಿಕ್ಕ ವಾಕ್ಯದಲ್ಲಿ ಮುಗಿಸಿ, ಬಾಯಿ ಮುಚ್ಚಿ, ಕಣ್ಣು ಹೋಗಿ ಬರುವವರೆಗೆ ಕಾಯಬೇಕು. ಒಟ್ಟು ಸಮಯ ಒಂದೇ ಇದ್ದರೂ ಅದನ್ನು ಹಂಚಿರುವ ರೀತಿ ಬೇರೆ. ಈ ಮೌನವನ್ನು ಸ್ಟುಡಿಯೋದಲ್ಲಿ ಯಾರೂ ಸರಿಯಾಗಿ ಬಿಡುವುದಿಲ್ಲ. ಗೋಡೆ ನೋಡುತ್ತ ಕೂತ ಓದುವವರಿಗೆ ಮೂರು ಸೆಕೆಂಡೇ ಒಂದು ಯುಗ. ಅದಕ್ಕೇ ಮಾತನ್ನು ಮಾತ್ರ ಅವರಿಂದ ಮಾಡಿಸಿ, ಮೌನವನ್ನು ಎಡಿಟರ್ ಕೈಯಲ್ಲಿ ಸೆಕೆಂಡ್ ಲೆಕ್ಕದಲ್ಲಿ ಸೇರಿಸುವುದು ಒಳ್ಳೆಯದು. ಸೇರಿಸುವಾಗ ಪೂರ್ತಿ ನಿಶ್ಶಬ್ದ ಹಾಕಬಾರದು. ಸ್ಟುಡಿಯೋ ಕೋಣೆಯ ಸಣ್ಣ ಗುಂಯ್ ಎನ್ನುವ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಂಡು ಅದನ್ನೇ ತುಂಬಬೇಕು. ಇಲ್ಲದಿದ್ದರೆ ಕೇಳುವವರು ಯಂತ್ರ ಕೆಟ್ಟಿತೆಂದು ಗುಂಡಿ ಒತ್ತುತ್ತಾರೆ. ಐದು ಸೆಕೆಂಡಿಗಿಂತ ಉದ್ದದ ಮೌನಕ್ಕೆ ಮೊದಲು ಒಂದು ಕೆಲಸ ಹೇಳಿರಲೇಬೇಕು. ಮೇಲಿನ ಸ್ಕ್ರಿಪ್ಟಿನ ಎಂಟು ಸೆಕೆಂಡ್ ನಿಲ್ಲುವುದು ‘ಎಣಿಸಿ ನೋಡಿ’ ಎಂಬ ಮಾತಿನ ಬಲದಿಂದ.

ಎಡ, ಬಲದ ಬಗ್ಗೆಯೂ ಒಂದು ಮಾತು. ಬಳೆ ಇರುವುದು ಗೊಂಬೆಯ ಎಡಗೈಯಲ್ಲಿ, ನೋಡುವವರಿಗೆ ಅದು ಬಲಗಡೆ. ಇಂಗ್ಲಿಷಿನಲ್ಲಿ ‘ಹರ್ ಲೆಫ್ಟ್ ಆರ್ಮ್’ ಎಂದರೆ ‘ಹರ್’ ಒಂದಿಷ್ಟು ಕಾಪಾಡುತ್ತದೆ. ಕನ್ನಡದಲ್ಲಿ ‘ಎಡಗೈ ನೋಡಿ’ ಎಂದು ಬಿಟ್ಟರೆ ಅರ್ಧ ಜನ ತಮ್ಮ ಎಡಕ್ಕೆ ನೋಡಿ, ನಾಲ್ಕೇ ಬಳೆ ಕಂಡು, ಇಪ್ಪತ್ತೈದು ಎಲ್ಲಿ ಎಂದು ಹುಡುಕುತ್ತಾರೆ. ಅಷ್ಟರಲ್ಲಿ ಮಾತು ಮುಖಕ್ಕೆ ಹೋಗಿರುತ್ತದೆ. ಅದಕ್ಕೆ ದಿಕ್ಕು ಹೇಳುವ ಬದಲು ಕಾಣುವ ಗುರುತನ್ನೇ ಹೇಳುವುದು ಕ್ಷೇಮ: ಬಳೆ ತುಂಬಿದ ಕೈ, ಸೊಂಟದ ಮೇಲಿನ ಕೈ.

ಪರದೆಯ ಮೇಲೆ ಚಿತ್ರ ಬರುವ ಆ್ಯಪ್ ಆದರೆ ಇನ್ನೊಂದು ಎಚ್ಚರ ಬೇಕು. ಬಳೆಯ ಹತ್ತಿರದ ಚಿತ್ರ ಇಪ್ಪತ್ತನೇ ಸೆಕೆಂಡಿಗೆ ಬರಲಿ ಎಂದು ಇಂಗ್ಲಿಷ್ ಧ್ವನಿಗೆ ಹೊಂದಿಸಿಟ್ಟು ಅದನ್ನೇ ಎಲ್ಲ ಭಾಷೆಗೂ ಬಳಸಿದರೆ, ಕನ್ನಡದಲ್ಲಿ ಬೇರೆ ಮಾತು ನಡೆಯುವಾಗ ಬಳೆ ಕಾಣಿಸಬಹುದು. ಚಿತ್ರವನ್ನು ಸೆಕೆಂಡಿಗೆ ಕಟ್ಟಬಾರದು, ನೋಟಕ್ಕೆ ಕಟ್ಟಬೇಕು. ಪ್ರತಿ ಭಾಷೆಯ ಧ್ವನಿ ಸಿದ್ಧವಾದ ಮೇಲೆ ಒಂದೊಂದು ನೋಟ ಎಷ್ಟನೇ ಸೆಕೆಂಡಿಗೆ ಶುರುವಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು. ಆ ಹಾಳೆ ಕುಟುಂಬದವರ ವಿಷಯದಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದೇ ನೋಟ ಎರಡು ಭಾಷೆಯಲ್ಲಿ ಆರೇಳು ಸೆಕೆಂಡಿನೊಳಗೆ ಶುರುವಾದರೆ ಅಮ್ಮನೂ ಮಗಳೂ ಒಂದೇ ಬಳೆಯನ್ನು ಬೆರಳು ಮಾಡಿ ತೋರಿಸುತ್ತಿರುತ್ತಾರೆ. ಕೊನೆಯಲ್ಲಿ ಹತ್ತು ಹದಿನೈದು ಸೆಕೆಂಡ್ ಹೆಚ್ಚುಕಡಿಮೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಇಪ್ಪತ್ತು ಸೆಕೆಂಡ್ ತಪ್ಪಿದರೆ ಒಬ್ಬರಿಗೊಬ್ಬರು ಏನು ಹೇಳುತ್ತಿದ್ದಾರೆಂದೇ ತಿಳಿಯುವುದಿಲ್ಲ. ಒಟ್ಟು ಉದ್ದ ಸಮ ಮಾಡಲು ಒದ್ದಾಡುವುದಕ್ಕಿಂತ ನೋಟಗಳ ಶುರು ಹೊಂದಿಸುವುದು ಮೇಲು.

ರೆಕಾರ್ಡಿಂಗಿಗೆ ಮೊದಲು ಒಂದು ಪರೀಕ್ಷೆ ಮಾಡಲೇಬೇಕು, ಅದಕ್ಕೆ ಖರ್ಚಿಲ್ಲ. ಸ್ಕ್ರಿಪ್ಟನ್ನು ಕೈಯಲ್ಲಿ ಹಿಡಿದು ವಸ್ತುವಿನ ಎದುರು ನಿಂತು, ಆ ಭಾಷೆಯ ಇಬ್ಬರು ಮೂವರಿಗೆ ಮೆಲ್ಲಗೆ ಓದಿ ಹೇಳುವುದು. ಓದುವವರ ಜೊತೆಗಿರುವವರು ಕಿವಿಗೊಡಬಾರದು, ಕೇಳುವವರ ಕಣ್ಣನ್ನು ಮಾತ್ರ ನೋಡಬೇಕು. ಕಣ್ಣು ಮಾತಿಗಿಂತ ಹಿಂದೆ ಬಿದ್ದರೆ ಮೌನ ಸಾಲದು. ಕಣ್ಣು ವಸ್ತು ಬಿಟ್ಟು ಪಕ್ಕದ ಪೆಟ್ಟಿಗೆಗೆ ಹೋದರೆ ಅಲ್ಲಿ ಮಾತು ಹೆಚ್ಚಾಗಿದೆ. ಕೇಳುವವರು ನೆಲ ನೋಡಿ ತಲೆಯಾಡಿಸತೊಡಗಿದರೆ ಪಾಠ ಶುರುವಾಗಿದೆ ಎಂದರ್ಥ.

ಕೇಳುವವರಲ್ಲಿ ಒಬ್ಬರಾದರೂ ನಮ್ಮ ಮಹಾನಗರಗಳಲ್ಲೇ ಬೆಳೆದ ಮಕ್ಕಳಿರಬೇಕು. ಮನೆಯಲ್ಲಿ ಕನ್ನಡ ಆಡುತ್ತಾರೆ, ‘ಬಳೆ’ ಗೊತ್ತು, ‘ಸೊಂಟ’ ಗೊತ್ತು. ‘ಮಣಿಕಟ್ಟು’ ಎಂದಾಗ ಮುಖ ಖಾಲಿಯಾಗಬಹುದು, ‘ಗೇಣು’ ಎಂದಾಗ ಅಜ್ಜಿಯ ಕಡೆ ತಿರುಗಬಹುದು. ಮಣಿಕಟ್ಟನ್ನು ನಾನು ಬಿಟ್ಟುಕೊಡುತ್ತೇನೆ, ‘ಕೆಳಗಿನವರೆಗೆ’ ಎಂದರೂ ನಡೆಯುತ್ತದೆ. ಗೇಣನ್ನು ಬಿಡುವುದಿಲ್ಲ, ಅಜ್ಜಿ ಕೈ ಬಿಡಿಸಿ ತೋರಿಸಲು ಆ ಮೂರು ಸೆಕೆಂಡ್ ಮೌನ ಇದ್ದೇ ಇದೆ. ‘ಉತ್ಖನನ’ ಮಾತ್ರ ಇಬ್ಬರಿಗೂ ಬೇಡ.

ಇದೇ ಸಂಗ್ರಹಾಲಯದಲ್ಲಿ ಐಹೊಳೆಯಿಂದ ಬಂದ, ಏಳನೇ ಶತಮಾನದ ಹಾರುವ ಗಂಧರ್ವ ದಂಪತಿಯ ಶಿಲ್ಪವೂ ಇದೆ. ಅಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಇಂಗ್ಲಿಷಿನಲ್ಲಿ ಐಹೊಳೆ ಎಲ್ಲಿದೆ, ಚಾಲುಕ್ಯರು ಯಾರು, ಗಂಧರ್ವರೆಂದರೆ ಏನು ಎಂದು ಹೇಳುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಹಿಂದಿಯಲ್ಲಿ ಗಂಧರ್ವರನ್ನು ವಿವರಿಸಬೇಕಿಲ್ಲ, ಐಹೊಳೆಯನ್ನು ವಿವರಿಸಬೇಕು. ಕನ್ನಡದಲ್ಲಿ ‘ಐಹೊಳೆಯವರು’ ಎಂದರೆ ಮುಗಿಯಿತು. ಶಾಲೆಯ ಪ್ರವಾಸದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿ ಬಂದವರೇ ಹೆಚ್ಚಾಗಿ ಕೇಳುತ್ತಿರುತ್ತಾರೆ. ಅಲ್ಲಿ ಕನ್ನಡದ ಸ್ಕ್ರಿಪ್ಟ್ ಇಂಗ್ಲಿಷಿಗಿಂತ ಚಿಕ್ಕದಾಗಿಯೇ ಇರಲಿ. ಸಮ ಮಾಡಬೇಕೆಂದು ರಾಜರ ಹೆಸರಿನ ಸಾಲು ಸೇರಿಸುವುದು ಬೇಡ. ಮಗಳ ಇಂಗ್ಲಿಷ್ ಮುಗಿಯುವವರೆಗೆ ಅಪ್ಪ ಅಮ್ಮ ಆ ಕಲ್ಲನ್ನು ಸುಮ್ಮನೆ ನೋಡುತ್ತ ನಿಲ್ಲಲಿ.